ಒಂದು ‘ಬಹುದು’ ಮತ್ತು ಸೋರುವ ಸೂರು

ನಾನು ವಕೀಲ. ಮನೆ ಕಟ್ಟುವ ಗುತ್ತಿಗೆ, ಅಂಗಡಿ ಬಾಡಿಗೆ, ಪಾಲುದಾರಿಕೆ ಇಂಥ ಕರಾರುಗಳನ್ನೇ ಜಾಸ್ತಿ ಬರೆಯುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಮನೆ ಗುತ್ತಿಗೆಯಲ್ಲಿ ಹೀಗೆ ಬರೆದಿದ್ದೆ: ‘ತಕರಾರು ಬಂದರೆ ಆರ್ಬಿಟ್ರೇಶನ್‌ಗೆ ಒಪ್ಪಿಸಬಹುದು.’ ಅಂದರೆ ಕೋರ್ಟಿನ ಬದಲು ಆರ್ಬಿಟ್ರೇಟರ್ ಎಂಬ ಮಧ್ಯಸ್ಥರು ತೀರ್ಪು ಕೊಡುವ ದಾರಿ. ಹಳೆಯ ಇಂಗ್ಲಿಷ್ ಕರಡಿನಲ್ಲಿ ‘ಮೇ ಬಿ ರೆಫರ್ಡ್’ ಎಂದಿತ್ತು. ಅದನ್ನೇ ಕನ್ನಡಕ್ಕೆ ತಂದಿದ್ದೆ.

ಮೊದಲ ಮಳೆಗಾಲಕ್ಕೇ ಸೂರು ಸೋರಿತು. ಮನೆ ಮಾಲೀಕರು ಆರ್ಬಿಟ್ರೇಟರ್ ಹೆಸರು ಸೂಚಿಸಿ ನೋಟಿಸ್ ಕೊಟ್ಟರು. ಗುತ್ತಿಗೆದಾರ ಎರಡೇ ಸಾಲಿನ ಉತ್ತರ ಕಳಿಸಿದರು: ‘ಒಪ್ಪಿಸಬಹುದು ಎಂದಿದೆ. ನನಗೆ ಒಪ್ಪಿಗೆ ಇಲ್ಲ.’ ಆರ್ಬಿಟ್ರೇಟರನ್ನು ನೇಮಿಸಿ ಎಂದು ಹೈಕೋರ್ಟಿಗೆ ಅರ್ಜಿ ಹಾಕೋಣ ಎಂದುಕೊಂಡೆ. ನಮ್ಮ ಸೀನಿಯರ್ ಕರಾರು ಓದಿ, ‘ಇದು ನಿಲ್ಲಲ್ಲ’ ಎಂದರು. ಸಿವಿಲ್ ಕೋರ್ಟಿಗೇ ಹೋಗಬೇಕಾಯಿತು. ತಪ್ಪು ನನ್ನದು. ಅದನ್ನು ಮಾಲೀಕರಿಗೂ ಹೇಳಿದೆ.

ಸೀನಿಯರ್ ಅಂದು ತೋರಿಸಿದ್ದು ಸುಪ್ರೀಂ ಕೋರ್ಟಿನ 2000ದ ವೆಲ್ಲಿಂಗ್ಟನ್ ಅಸೋಸಿಯೇಟ್ಸ್ ತೀರ್ಪು. ಅಲ್ಲಿಯೂ ಕರಾರಿನಲ್ಲಿ ಇದ್ದದ್ದು ‘ಮೇ ಬಿ ರೆಫರ್ಡ್’. ‘ಮೇ’ ಎಂದರೆ ಒಂದು ದಾರಿ ಇದೆ ಎಂದಷ್ಟೇ, ಆ ದಾರಿಯಲ್ಲಿ ಹೋಗಲು ಇಬ್ಬರೂ ಆಗ ಮತ್ತೆ ಒಪ್ಪಬೇಕು ಎಂದಿತು ಕೋರ್ಟು. ಜಗಳ ಶುರುವಾದ ಮೇಲೆ ಯಾರು ಒಪ್ಪುತ್ತಾರೆ?

ಹಾಗಾದರೆ ‘ಮೇ’ ಬದಲು ಕಡ್ಡಾಯ ಸೂಚಿಸುವ ‘ಶಲ್’ ಹಾಕಿದರೆ ಸಾಕು ಎಂದುಕೊಂಡೆ. ಅದೂ ಪೂರ್ತಿ ನಿಜವಲ್ಲ. 2007ರ ಜಗದೀಶ್ ಚಂದರ್ ಪ್ರಕರಣದಲ್ಲಿ ‘ಶಲ್ ಬಿ ರೆಫರ್ಡ್’ ಎಂದೇ ಇತ್ತು. ಆದರೆ ಹಿಂದೆಯೇ ‘ಇಬ್ಬರೂ ಹಾಗೆ ತೀರ್ಮಾನಿಸಿದರೆ’ ಎಂಬ ಬಾಲ ಇತ್ತು. ಆ ಬಾಲ ‘ಶಲ್’ನ ಬಲವನ್ನೆಲ್ಲ ತೆಗೆದುಹಾಕಿತು. ಅಂದಿನಿಂದ ನಾನು ಕ್ರಿಯಾಪದ ಮಾತ್ರ ನೋಡುವುದಿಲ್ಲ, ವಾಕ್ಯದ ಕೊನೆಯವರೆಗೆ ಓದುತ್ತೇನೆ.

ಈಗ ಹೀಗೆ ಬರೆಯುತ್ತೇನೆ: ‘ಈ ಕರಾರಿನಿಂದ ಹುಟ್ಟುವ ಎಲ್ಲ ತಕರಾರುಗಳನ್ನೂ ಒಬ್ಬ ಆರ್ಬಿಟ್ರೇಟರ್‌ಗೆ ಒಪ್ಪಿಸತಕ್ಕದ್ದು. ಅವರ ತೀರ್ಪಿಗೆ ಇಬ್ಬರೂ ಬದ್ಧರು. ಯಾರು ಬೇಕಾದರೂ ನೋಟಿಸ್ ಕೊಟ್ಟು ಇದನ್ನು ಶುರು ಮಾಡಬಹುದು.’ ಕೊನೆಯ ಸಾಲಿನ ‘ಬಹುದು’ ಬೇಕೆಂದೇ ಹಾಕಿದ್ದು. ಶುರು ಮಾಡುವುದು ಬಿಡುವುದು ಅವರವರ ಇಷ್ಟ. ಆದರೆ ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಬರಲೇಬೇಕು.

‘ಶಲ್’ಗೆ ನಮ್ಮ ಕಾನೂನು ಕನ್ನಡದಲ್ಲಿ ‘ತಕ್ಕದ್ದು’ ಇದೆ. ‘ಮಸ್ಟ್’ಗೆ ‘ಲೇಬೇಕು’ ಹೊಂದುತ್ತದೆ. ಎರಡರ ಬಲವೂ ಒಂದೇ ಎಂದು ನಾನು ನೋಡುತ್ತೇನೆ, ಆದರೆ ಒಂದೇ ಕರಾರಿನಲ್ಲಿ ಎರಡನ್ನೂ ಬೆರೆಸುವುದಿಲ್ಲ. ಬೆರೆಸಿದರೆ ಎದುರಿನ ವಕೀಲರು ‘ಅಲ್ಲಿ ಲೇಬೇಕು, ಇಲ್ಲಿ ಬರೀ ತಕ್ಕದ್ದು, ಹಾಗಾದರೆ ಇದು ಸ್ವಲ್ಪ ಸಡಿಲ’ ಎಂದು ವಾದಿಸುತ್ತಾರೆ. ಇನ್ನೊಂದು ಗುಂಡಿ ‘ಮೇ ನಾಟ್’. ಬಾಡಿಗೆ ಕರಾರೊಂದರಲ್ಲಿ ಅದು ‘ಬಾಡಿಗೆದಾರ ಬೇರೆಯವರಿಗೆ ಬಾಡಿಗೆ ಕೊಡದಿರಬಹುದು’ ಎಂದಾಗಿದ್ದನ್ನು ನೋಡಿದ್ದೇನೆ. ಹಾಗೆಂದರೆ ಕೊಡಲೂಬಹುದು, ಅಲ್ವಾ? ಅಲ್ಲಿ ಬರಬೇಕಾದದ್ದು ‘ಕೊಡತಕ್ಕದ್ದಲ್ಲ’ ಅಥವಾ ‘ಕೊಡಬಾರದು’.

‘ತಕ್ಕದ್ದು’ ಎಂದು ಬರೆದ ಮೇಲೂ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮಾಡದಿದ್ದರೆ ಏನು? ಸಿವಿಲ್ ದಾವೆ ನಡೆಯುವ ಕ್ರಮ ಹೇಳುವ ಸಿವಿಲ್ ಪ್ರೊಸೀಜರ್ ಕೋಡ್‌ನ ಆರ್ಡರ್ 8 ರೂಲ್ 1 ನೋಡಿ. ಪ್ರತಿವಾದಿ 30 ದಿನದಲ್ಲಿ ಲಿಖಿತ ಉತ್ತರ ಕೊಡತಕ್ಕದ್ದು, ಕೋರ್ಟು ಅವಕಾಶ ಕೊಟ್ಟರೂ 90 ದಿನ ಮೀರುವಂತಿಲ್ಲ ಎಂದು ಅಲ್ಲಿದೆ. ಅಲ್ಲಿರುವುದೂ ‘ಶಲ್’ ಪದವೇ. ಆದರೂ 2005ರಲ್ಲಿ ಸುಪ್ರೀಂ ಕೋರ್ಟು ಇದು ಕಟ್ಟುನಿಟ್ಟಲ್ಲ, ಬಲವಾದ ಕಾರಣ ಇದ್ದರೆ ಇನ್ನೂ ಸಮಯ ಕೊಡಬಹುದು ಎಂದಿತು. ಮೀರಿದರೆ ಏನಾಗುತ್ತದೆ ಎಂದು ರೂಲಿನಲ್ಲಿ ಇಲ್ಲದಿರುವುದೂ ಒಂದು ಕಾರಣ. ವಾಣಿಜ್ಯ ದಾವೆಗಳಿಗೆ 2015ರ ಕಾಯ್ದೆ ಅದನ್ನು ಸೇರಿಸಿತು: 120 ದಿನ ದಾಟಿದರೆ ಉತ್ತರ ಕೊಡುವ ಹಕ್ಕೇ ಹೋಗುತ್ತದೆ. ಅಲ್ಲಿ ಒಂದು ದಿನವೂ ಜಾಸ್ತಿ ಸಿಗುವುದಿಲ್ಲ ಎಂದು 2019ರಲ್ಲಿ ಅದೇ ಕೋರ್ಟು ಹೇಳಿತು.

ಹಾಗಾಗಿ ‘ಗುತ್ತಿಗೆದಾರ ಮಾರ್ಚ್ 31ರೊಳಗೆ ಸೂರಿನ ಕೆಲಸ ಮುಗಿಸತಕ್ಕದ್ದು’ ಎಂದು ಬರೆದು ಬಿಡುವುದಿಲ್ಲ. ತಡವಾದರೆ ಕೊನೆಯ ಕಂತಿನಿಂದ ದಿನಕ್ಕೆ ಎಷ್ಟು ಹಿಡಿಯಲಾಗುತ್ತದೆ ಎಂದು ಕೆಳಗಿನ ಸಾಲಿನಲ್ಲೇ ಸೇರಿಸುತ್ತೇನೆ. ಸಹಿಗೆ ಮೊದಲು ಇಬ್ಬರನ್ನೂ ಎದುರು ಕೂರಿಸಿಕೊಂಡು ಕರಾರನ್ನು ಜೋರಾಗಿ ಓದುತ್ತೇನೆ. ಪ್ರತಿ ‘ಬಹುದು’ ಬಂದಾಗ ನಿಲ್ಲಿಸಿ, ‘ಇವರು ಬೇಡ ಎಂದರೆ ನಿಮಗೆ ಸರಿಯೇ?’ ಎಂದು ಕೇಳುತ್ತೇನೆ.