ಬಡ್ತಿಯ ಕಡತಕ್ಕೆ ಬರೆದ ಎರಡು ಪುಟ

ನಾನು ಪದವಿ ಕಾಲೇಜಿನ ಭೌತಶಾಸ್ತ್ರ ಮೇಷ್ಟ್ರು. ಬಡ್ತಿಯ ಕಡತಕ್ಕೆ ಎರಡು ಪುಟದ ಆತ್ಮಾವಲೋಕನ ಬರೆಯಬೇಕಿತ್ತು. ಮೊದಲ ಕರಡಿನಲ್ಲಿ ಸೇವಾವಧಿ, ವಿಚಾರ ಸಂಕಿರಣ, ಫಲಿತಾಂಶ ಎಲ್ಲ ತುಂಬಿದ್ದೆ. ಓದಿದ ಹಿರಿಯ ಸಹೋದ್ಯೋಗಿ, "ಇವೆಲ್ಲ ಬಯೋಡೇಟಾದಲ್ಲೇ ಇವೆಯಲ್ಲ ಸರ್. ಪಾಠ ಮಾಡ್ತಾ ನೀವು ಏನು ಕಲಿತ್ರಿ?" ಎಂದರು.

ಎಲ್ಲ ಬಿಟ್ಟು ಒಂದೇ ಘಟನೆ ಹಿಡಿದೆ. ವಿದ್ಯುತ್ ಮಂಡಲಗಳ ಕುರಿತ ಕಿರ್ಚಾಫ್ ನಿಯಮಗಳ ಲೆಕ್ಕಗಳನ್ನು ನನ್ನ ವಿದ್ಯಾರ್ಥಿಗಳು ಸರಾಗವಾಗಿ ಬಿಡಿಸುತ್ತಿದ್ದರು. ಒಂದು ದಿನ ಸರಣಿಯಲ್ಲಿರುವ ಎರಡು ಒಂದೇ ಬಗೆಯ ಬಲ್ಬುಗಳಲ್ಲಿ ಯಾವುದು ಹೆಚ್ಚು ಬೆಳಗುತ್ತದೆ ಎಂದು ಚೀಟಿಯಲ್ಲಿ ಬರೆಸಿದೆ. 46 ಜನರಲ್ಲಿ 29 ಮಂದಿ "ಮೊದಲನೆಯದು" ಎಂದರು. ವಿದ್ಯುತ್ ಪ್ರವಾಹವನ್ನು ಮೊದಲ ಬಲ್ಬು ಸ್ವಲ್ಪ ಬಳಸಿಕೊಂಡು, ಉಳಿದದ್ದನ್ನು ಮುಂದೆ ಬಿಡುತ್ತದೆ ಎಂಬುದು ಅವರ ಎಣಿಕೆ. ನಿಜಕ್ಕೆ ಎರಡರಲ್ಲೂ ಒಂದೇ ಪ್ರವಾಹ ಹರಿದು ಎರಡೂ ಸಮನಾಗಿ ಬೆಳಗುತ್ತವೆ. ಲೆಕ್ಕ ಬಂದರೆ ವಿಷಯ ಅರ್ಥವಾಗಿದೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಆ ಚೀಟಿಗಳು ನಂಬಿಕೆಯನ್ನು ಮುರಿದವು.

ಇದನ್ನು ಮೊದಲು ಬರೆದದ್ದು ಹೀಗೆ: "ನವೀನ ಬೋಧನಾ ವಿಧಾನಗಳನ್ನು ಯಶಸ್ವಿಯಾಗಿ ಅಳವಡಿಸಲಾಯಿತು." ಪ್ರತಿ ವಿಶೇಷಣದ ಮುಂದೆ ನಿಂತು, ಇದಕ್ಕೆ ಕಡತದಲ್ಲಿ ಯಾವ ಕಾಗದ ಸಾಕ್ಷಿ ಎಂದು ಕೇಳಿಕೊಂಡೆ. "ನವೀನ", "ಯಶಸ್ವಿ" ಎರಡಕ್ಕೂ ಸಾಕ್ಷಿ ಇರಲಿಲ್ಲ, ಹೊಡೆದುಹಾಕಿದೆ. "ಅಳವಡಿಸಲಾಯಿತು" ಎಂಬ ಪದವೂ ಹೋಯಿತು. ವಿನಯದಂತೆ ಕಾಣುವ ಈ "ಲಾಯಿತು" ಯಾರು ಮಾಡಿದರು, ಯಾಕೆ ಮಾಡಿದರು ಎಂಬುದನ್ನೇ ಮುಚ್ಚಿಬಿಡುತ್ತದೆ. "ನಾನು" ಎಂದು ಬರೆಯುವುದು ಜಂಬವಲ್ಲ, ಹೊಣೆ.

ಹೊಸ ರೂಪ ಹೀಗಿತ್ತು: "ಲೆಕ್ಕ ಕೊಡುವ ಮೊದಲು ಉತ್ತರ ಊಹಿಸಿ ಬರೆಯಲು ಹೇಳುತ್ತೇನೆ. ಆಮೇಲೆ ಬಲ್ಬಿನ ಹಿಂದೊಂದು, ಮುಂದೊಂದು ಆಮ್ಮೀಟರನ್ನು ಸರಣಿಯಲ್ಲಿ ಜೋಡಿಸಿ ಪ್ರವಾಹವನ್ನು ಓದಿಸುತ್ತೇನೆ. ಪ್ರಯೋಗಾಲಯದ ಸಹಾಯಕರು ಆರು ಮಂಡಲಗಳನ್ನು ಕಟ್ಟಿಕೊಟ್ಟಿದ್ದರಿಂದ ಇದು ಸಾಧ್ಯವಾಯಿತು." ಅವರ ಪಾಲನ್ನು ಅವರಿಗೇ ಕೊಟ್ಟ ಮೇಲೆ ನನ್ನ ಪಾಲು ಎಷ್ಟೆಂಬುದೂ ಸ್ಪಷ್ಟವಾಯಿತು.

ಮರುಪರೀಕ್ಷೆಯಲ್ಲಿ ತಪ್ಪು ಬರೆದವರು 8. ಇಲ್ಲಿಗೇ ಮುಗಿಸುವ ಆಸೆಯಿತ್ತು. ಆದರೆ ಎರಡನೆಯ ಬಲ್ಬಿಗೆ ಸಮಾಂತರವಾಗಿ ಮೂರನೆಯದನ್ನು ಸೇರಿಸಿದರೆ ಏನಾಗುತ್ತದೆ ಎಂದಾಗ ಅರ್ಧಕ್ಕಿಂತ ಹೆಚ್ಚು ಮಂದಿ, ಮೊದಲ ಬಲ್ಬಿನ ಬೆಳಕು ಬದಲಾಗದು ಎಂದಿದ್ದರು. ನಿಜಕ್ಕೆ ಒಟ್ಟು ರೋಧ ಇಳಿದು ಮೊದಲನೆಯದು ಇನ್ನಷ್ಟು ಬೆಳಗುತ್ತದೆ. ಬ್ಯಾಟರಿ ಯಾವಾಗಲೂ ಒಂದೇ ಪ್ರವಾಹ ಕೊಡುತ್ತದೆ ಎಂಬ ಇನ್ನೊಂದು ತಪ್ಪು ಕಲ್ಪನೆ ಒಳಗೇ ಉಳಿದಿತ್ತು. ಆ ಚೀಟಿಗಳನ್ನೂ ಕಡತಕ್ಕೆ ಸೇರಿಸಿದೆ. ಹೋಲಿಸಲು ಇನ್ನೊಂದು ತರಗತಿ ಇರಲಿಲ್ಲ, ಹಾಗಾಗಿ ಸುಧಾರಣೆ ಪೂರ್ತಿ ನನ್ನ ಬದಲಾವಣೆಯಿಂದಲೇ ಆಯಿತೆನ್ನಲಾರೆ ಎಂದೂ ಬರೆದೆ.

ನನ್ನನ್ನೇ ಬೈದುಕೊಂಡಿದ್ದ ಎರಡು ಸಾಲನ್ನು ಮಾತ್ರ ಆ ಹಿರಿಯ ಸಹೋದ್ಯೋಗಿ ಮೇಡಂ ತೆಗೆಸಿದರು. ಆ ಜಾಗದಲ್ಲಿ ಮುಂದಿನ ಸೆಮಿಸ್ಟರಿನಲ್ಲಿ ಸಮಾಂತರ ಮಂಡಲದಿಂದಲೇ ಪಾಠ ಶುರುಮಾಡುವ ಯೋಜನೆಯನ್ನು ಬರೆದೆ.