"ಚಿನ್ನ 5,400 ರೂಪಾಯಿ ಇಳಿಕೆ" ಎಂದಾಗ ನಾನು ಮಾಡುವ ಲೆಕ್ಕ

ಮಗಳ ಮದುವೆಗೆಂದು ವರ್ಷಕ್ಕೆ ಒಂದೆರಡು ಸಲ ಚಿನ್ನ ಕೊಳ್ಳುತ್ತೇನೆ. ಒಂದು ಬೆಳಗ್ಗೆ "ಚಿನ್ನ 5,400 ರೂಪಾಯಿ ಇಳಿಕೆ" ಎಂಬ ಸುದ್ದಿ ಓದಿ, ಕೆಲಸಕ್ಕೆ ರಜೆ ಹಾಕಿ ಅಂಗಡಿಗೆ ಹೋದೆ. ಅಲ್ಲಿ 22 ಕ್ಯಾರೆಟ್ ಗ್ರಾಂಗೆ ಇಳಿದಿದ್ದು ಬರೀ 54 ರೂಪಾಯಿ. ಸುದ್ದಿಯಲ್ಲಿದ್ದದ್ದು ನೂರು ಗ್ರಾಂ ಲೆಕ್ಕ.

ಅಂದಿನಿಂದ ಮೊದಲು ಎಷ್ಟು ಗ್ರಾಂಗೆ, ಎಷ್ಟು ಕ್ಯಾರೆಟ್‌ಗೆ ಎಂದು ನೋಡುತ್ತೇನೆ. ಆಮೇಲೆ ಇಳಿದ ಮೊತ್ತವನ್ನು ಹಿಂದಿನ ದಿನದ ದರದಿಂದ ಭಾಗಿಸುತ್ತೇನೆ. ಆ ದಿನ ದರ 8,946 ಇತ್ತು. ಇಳಿದ 54 ಸೇರಿಸಿದರೆ ಹಿಂದಿನ ದಿನದ್ದು 9,000. ಅಂದರೆ ಇಳಿದದ್ದು ಶೇಕಡಾ 0.6. ಒಂದು ಗ್ರಾಂ ಆಗಲಿ, ನೂರು ಗ್ರಾಂ ಆಗಲಿ, ಶೇಕಡಾ ಬದಲಾಗುವುದಿಲ್ಲ.

ಆದರೆ 0.6 ಜಾಸ್ತಿಯೋ ಕಮ್ಮಿಯೋ? ಅದಕ್ಕೆ ಒಂದು ನೋಟ್‌ಬುಕ್ ಇಟ್ಟೆ. ದಿನದಿನದ ಏರಿಳಿತವನ್ನು ಶೇಕಡಾದಲ್ಲಿ ಬರೆದೆ. ಏರಿಕೆಯೋ ಇಳಿಕೆಯೋ ನೋಡದೆ, ಮೂವತ್ತು ದಿನದ ಸರಾಸರಿ ತೆಗೆದೆ. ಮಾರುಕಟ್ಟೆಗೆ ರಜೆ ಇದ್ದು ದರ ಅಲುಗದ ದಿನಗಳನ್ನು ಬಿಟ್ಟೆ. ಇಲ್ಲದಿದ್ದರೆ ಆ ಸೊನ್ನೆಗಳು ಸರಾಸರಿಯನ್ನು ಸುಮ್ನೆ ಇಳಿಸುತ್ತವೆ. ನನಗೆ ಬಂದದ್ದು 0.7. ಹಾಗಾಗಿ 0.6 ಮಾಮೂಲಿ ದಿನ. ಸರಾಸರಿಯ ಎರಡರಷ್ಟು ದಾಟಿದರೆ ಕಾರಣ ಹುಡುಕುತ್ತೇನೆ, ಮೂರರಷ್ಟು ದಾಟಿದರೆ ದೊಡ್ಡದೇ ಎನ್ನುತ್ತೇನೆ. ಈ ಸರಾಸರಿಯನ್ನು ತಿಂಗಳಿಗೊಮ್ಮೆ ಹೊಸದಾಗಿ ತೆಗೆಯಬೇಕು. ಗದ್ದಲದ ತಿಂಗಳಲ್ಲಿ ಶೇಕಡಾ 1.5 ಕೂಡ ದಿನನಿತ್ಯದ ಮಾತಾಗಿಬಿಡುತ್ತದೆ.

ನಿಜವಾಗಿ ದೊಡ್ಡದು ಎಂದರೆ 2024ರ ಜುಲೈ 23, ಬಜೆಟ್ ದಿನ. ಚಿನ್ನದ ಆಮದು ಸುಂಕ ಶೇಕಡಾ 15ರಿಂದ 6ಕ್ಕೆ ಇಳಿಯಿತು. ಒಂದೇ ದಿನಕ್ಕೆ ದರ ಶೇಕಡಾ 5ರ ಹತ್ತಿರ ಕುಸಿಯಿತು. ಆಗ ನಮ್ಮ ಮನೆಯಲ್ಲಿ, "ಸುಂಕ ಒಂಬತ್ತು ಇಳಿದಿದೆ, ದರವೂ ಒಂಬತ್ತು ಇಳಿಯಬೇಕಲ್ವಾ?" ಎಂದು ಕೇಳಿದರು. ಹಾಗಲ್ಲ. ಸುಂಕ ಬಿಟ್ಟು 100 ರೂಪಾಯಿ ಇದ್ದ ಚಿನ್ನಕ್ಕೆ ಮೊದಲು 115 ಕೊಡುತ್ತಿದ್ದೆವು, ಸುಂಕ ಇಳಿದ ಮೇಲೆ 106. ಆ 9 ರೂಪಾಯಿಯನ್ನು 115ರಿಂದ ಭಾಗಿಸಬೇಕು. ಸುಂಕದಿಂದಲೇ ಆಗುವ ಇಳಿಕೆ ಶೇಕಡಾ 7.8, ಅಷ್ಟೇ. ಅದಕ್ಕಿಂತ ಮೇಲೆ ಇಳಿದರೆ ಬೇರೆ ಕಾರಣ ಇರಬೇಕು.

ಹಾಗಂತ ರೂಪಾಯಿ ಲೆಕ್ಕ ಬಿಡುವುದಿಲ್ಲ. ಆದರೆ ಅದನ್ನು ನಾನು ಕೊಳ್ಳುವ ತೂಕಕ್ಕೆ ಮಾತ್ರ ಮಾಡುತ್ತೇನೆ. ಅವತ್ತು ನನಗೆ ಬೇಕಿದ್ದದ್ದು 8 ಗ್ರಾಂ ಸರ. 54 ರೂಪಾಯಿಯಂತೆ ಉಳಿದದ್ದು 432. ಮೇಕಿಂಗ್ ಚಾರ್ಜ್ ಶೇಕಡಾ 10 ಎಂದರು. ಸ್ವಲ್ಪ ಹೊತ್ತು ಕೂತು ಮಾತಾಡಿ 9ಕ್ಕೆ ಇಳಿಸಿದೆ. ಅದರಲ್ಲಿ ಉಳಿದದ್ದು ಸುಮಾರು 715 ರೂಪಾಯಿ.