ಸಾವಯವ ತರಕಾರಿ: ಯಾವುದಕ್ಕೆ ಹೆಚ್ಚು ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ?

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ನಾವಿಬ್ಬರು, ಇಬ್ಬರು ಮಕ್ಕಳು. ಒಂದೂವರೆ ವರ್ಷ ಮನೆಗೆ ಬೇಕಾದ ಎಲ್ಲ ತರಕಾರಿಯನ್ನೂ ಒಂದೇ ಸಾವಯವ ಅಂಗಡಿಯಿಂದ ತರುತ್ತಿದ್ದೆ. ಒಂದು ದಿನ ಬಿಲ್ ಕೊಡುವಾಗ, ಪ್ರಮಾಣಪತ್ರ ಇದೆಯಾ ಎಂದು ಕೇಳಿದೆ. ಅವರು ಗೋಡೆಗೆ ತೂಗುಹಾಕಿದ್ದ ಚೌಕಟ್ಟನ್ನು ತೋರಿಸಿದರು. ಹತ್ತಿರ ಹೋಗಿ ಓದಿದೆ. ಅದರಲ್ಲಿದ್ದ ಬೆಳೆಗಳು ರಾಗಿ, ಭತ್ತ, ಹುರುಳಿ. ಟೊಮೆಟೊ ಇಲ್ಲ, ಬದನೆ ಇಲ್ಲ, ಬೀನ್ಸ್ ಇಲ್ಲ. ಪತ್ರ ಸುಳ್ಳಲ್ಲ, ಆದರೆ ನಾನು ದುಡ್ಡು ಸುರಿದಿದ್ದ ತರಕಾರಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಅಲ್ಲಿಂದ ಮುಂದೆ "ಸಾವಯವ ತಗೊಳ್ಳೋಣವಾ ಬೇಡವಾ" ಎಂದು ಒಟ್ಟಾಗಿ ಯೋಚಿಸುವುದನ್ನೇ ಬಿಟ್ಟೆ. ಪ್ರತಿ ತರಕಾರಿಯನ್ನೂ ಬೇರೆಬೇರೆಯಾಗಿ ನೋಡುತ್ತೇನೆ. ತಿಂಗಳ ಸಂಬಳದಲ್ಲಿ ಮನೆ ನಡೆಸುವವರಿಗೆ ಈ ದಾರಿಯೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಅದನ್ನು ಮಾಡುವ ಬಗೆ ಇಲ್ಲಿದೆ.

ಮೊದಲು ವಾರದ ಚೀಟಿ ಬರೆಯಿರಿ

ಒಂದು ವಾರ ನಿಮ್ಮ ಮನೆಗೆ ನಿಜಕ್ಕೂ ಬರುವ ತರಕಾರಿಯನ್ನೆಲ್ಲ ತೂಕದ ಸಮೇತ ಬರೆದುಕೊಳ್ಳಿ. ಪಕ್ಕದಲ್ಲಿ ಎರಡು ಬೆಲೆ ಹಾಕಿ: ನೀವು ಮಾಮೂಲಿಯಾಗಿ ಕೊಳ್ಳುವ ಮಾರುಕಟ್ಟೆ ಅಥವಾ ಹಾಪ್‌ಕಾಮ್ಸ್ ಬೆಲೆ ಒಂದು, ಸಾವಯವ ಅಂಗಡಿಯ ಬೆಲೆ ಇನ್ನೊಂದು. ಎರಡನ್ನೂ ಒಂದೇ ದಿನ ನೋಡಬೇಕು. ಟೊಮೆಟೊ ಬೆಲೆ ವಾರದೊಳಗೆ ಏರಿಳಿಯುವುದರಿಂದ ಬೇರೆಬೇರೆ ದಿನದ ಬೆಲೆ ಇಟ್ಟುಕೊಂಡರೆ ಲೆಕ್ಕ ತಪ್ಪುತ್ತದೆ.

ನಾನು ಚೀಟಿ ಬರೆದ ವಾರ ಹತ್ತೂವರೆ ಕೆ.ಜಿ. ತರಕಾರಿ, ನಾಲ್ಕು ಕಟ್ಟು ಸೊಪ್ಪು, ಜೊತೆಗೆ ಕೊತ್ತಂಬರಿ, ಕರಿಬೇವು, ಹಸಿಮೆಣಸಿನಕಾಯಿ ಬಂದಿತ್ತು. ಮಾರುಕಟ್ಟೆಯಲ್ಲಿ ಅದಕ್ಕೆ 490 ರೂಪಾಯಿ, ಸಾವಯವ ಅಂಗಡಿಯಲ್ಲಿ 900. ವಾರಕ್ಕೆ 410 ರೂಪಾಯಿ ವ್ಯತ್ಯಾಸ, ನಾಲ್ಕು ವಾರಕ್ಕೆ 1,640. ನಿಮ್ಮ ಊರಿನಲ್ಲಿ, ನಿಮ್ಮ ಋತುವಿನಲ್ಲಿ ಅಂಕಿ ಬೇರೆ ಇರುತ್ತದೆ. ನೋಡಬೇಕಾದ್ದು ಈ ವ್ಯತ್ಯಾಸ ಯಾವ ತರಕಾರಿಯ ಮೇಲೆ ಕೂತಿದೆ ಎನ್ನುವುದನ್ನು.

ನಮ್ಮ ಚೀಟಿಯಲ್ಲಿ ಈರುಳ್ಳಿ ಒಂದಕ್ಕೇ 70 ರೂಪಾಯಿ ಹೆಚ್ಚು. ಆಲೂಗಡ್ಡೆಗೆ 35, ಸಿಹಿಗುಂಬಳಕ್ಕೆ 30. ಮೂರೂ ಸೇರಿ 135. ಅಂದರೆ ಹೆಚ್ಚುವರಿ ದುಡ್ಡಿನ ಮೂರನೇ ಒಂದು ಪಾಲು, ಸಿಪ್ಪೆ ತೆಗೆದು ಬಿಸಾಡುವ ಮೂರು ತರಕಾರಿಗೆ ಹೋಗುತ್ತಿತ್ತು.

ಎಲ್ಲಿ ಔಷಧಿ ಉಳಿಯುತ್ತದೆ?

ಬೆಳೆ ಹೇಗೆ ಕೊಯ್ಯುತ್ತಾರೆ ಎಂದು ತಿಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ. ಪ್ರತಿ ಕೀಟನಾಶಕಕ್ಕೂ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂಬ ಅವಧಿ ಇರುತ್ತದೆ. ಎಲೆಕೋಸಿನಂತೆ ಒಂದೇ ಸಲ ಕಟಾವಾಗುವ ಬೆಳೆಯಲ್ಲಿ ಅದನ್ನು ಪಾಲಿಸುವುದು ಸುಲಭ. ಬೆಂಡೆ, ಬದನೆ, ಟೊಮೆಟೊ, ಬೀನ್ಸ್, ಸೌತೆಕಾಯಿ ಹಾಗಲ್ಲ. ಒಂದು ಸಲ ಫಲ ಶುರುವಾದರೆ ಕೆಲವೇ ದಿನಕ್ಕೊಮ್ಮೆ ಬಿಡಿಸಲೇಬೇಕು, ಬಿಟ್ಟರೆ ಬೆಂಡೆ ನಾರಾಗುತ್ತದೆ, ಸೌತೆ ಹಣ್ಣಾಗುತ್ತದೆ. ಅದೇ ಹೊತ್ತಿಗೆ ಬದನೆಗೆ ಕಾಯಿಕೊರಕ, ಬೆಂಡೆಗೆ ಜಿಗಿಹುಳ ಬೀಳುತ್ತವೆ. ಹೊಡೆಯದಿದ್ದರೆ ಬೆಳೆ ಕೈಬಿಡುತ್ತದೆ, ಹೊಡೆದರೆ ಕಾಯಲು ದಿನವಿಲ್ಲ. ರೈತರದ್ದು ದುರಾಸೆ ಎನ್ನುವುದು ಅನ್ಯಾಯದ ಮಾತು. ಬೆಳೆಯ ಗುಣವೇ ಅವರನ್ನು ಆ ಇಕ್ಕಟ್ಟಿಗೆ ತಳ್ಳುತ್ತದೆ.

ಔಷಧಿಯಲ್ಲೂ ಎರಡು ಜಾತಿ. ಒಂದು ಕಾಯಿ, ಎಲೆಯ ಮೇಲ್ಮೈಯಲ್ಲಷ್ಟೇ ಕೂರುತ್ತದೆ. ಇನ್ನೊಂದನ್ನು ಗಿಡ ಒಳಗೆ ಹೀರಿಕೊಂಡು ರಸದ ಜೊತೆ ಎಲ್ಲ ಕಡೆಗೂ ಸಾಗಿಸುತ್ತದೆ. ಇಮಿಡಾಕ್ಲೋಪ್ರಿಡ್, ಅಸಿಫೇಟ್ ಈ ಎರಡನೆಯ ಜಾತಿಯವು. ಮೊದಲನೆಯದು ತೊಳೆದರೆ ಬಹಳಷ್ಟು ಹೋಗುತ್ತದೆ. ಎರಡನೆಯದು ತೊಳೆದರೆ ಹೋಗುವುದಿಲ್ಲ.

ಹಾಗಾಗಿ ಚೀಟಿಯನ್ನು ಹೀಗೆ ಒಡೆದುಕೊಳ್ಳಿ: ಮೊದಲ ಸಾಲು ಸಾವಯವ, ಎರಡನೆಯದು ಮಾರುಕಟ್ಟೆಯದು. ಪದೇ ಪದೇ ಕೊಯ್ಯುವ, ಸಿಪ್ಪೆ ಸಮೇತ ತಿನ್ನುವ ತರಕಾರಿ, ಹಸಿಯಾಗಿ ತಟ್ಟೆಗೆ ಬರುವ ಸೌತೆ, ಟೊಮೆಟೊ, ಕೊತ್ತಂಬರಿ ಮೊದಲ ಸಾಲಿಗೆ. ಕರಿಬೇವೂ ಅಲ್ಲಿಗೇ ಸೇರಲಿ. ಅದರ ಎಲೆಯನ್ನೇ ತಿನ್ನುತ್ತೇವೆ, ಎಲೆಗೇ ಹುಳ ಬೀಳುತ್ತದೆ, ಎಲೆಗೇ ಔಷಧಿ ಬೀಳುತ್ತದೆ. ಹೂಕೋಸು ತರುವವರಾದರೆ ಅದನ್ನೂ ಈ ಸಾಲಿಗೇ ಹಾಕಿ, ಸಂದಿಗಳಲ್ಲಿ ಕೂತದ್ದನ್ನು ತೊಳೆಯುವುದು ಕಷ್ಟ.

ಈರುಳ್ಳಿ, ಆಲೂಗಡ್ಡೆ, ಸುವರ್ಣಗೆಡ್ಡೆ, ಕುಂಬಳ, ಬಾಳೆಕಾಯಿ, ಬಾಳೆದಿಂಡು ಎರಡನೆಯ ಸಾಲಿಗೆ. ಎಲೆಕೋಸು ತೋಟದಲ್ಲಿ ಬಹಳ ಔಷಧಿ ಕಾಣುವ ಬೆಳೆಯಾದರೂ ಗಡ್ಡೆ ಮುಚ್ಚಿಕೊಂಡಿರುತ್ತದೆ. ಹೊರಗಿನ ಮೂರ್ನಾಲ್ಕು ಎಲೆ ತೆಗೆದರೆ ಸಾಕಷ್ಟು ಹೋಗುತ್ತದೆ, ನಾನು ಮಾರುಕಟ್ಟೆಯದನ್ನೇ ತರುತ್ತೇನೆ.

ನಮ್ಮ ಚೀಟಿಯಲ್ಲಿ ಟೊಮೆಟೊ, ಬದನೆ, ಬೆಂಡೆ, ಬೀನ್ಸ್, ಸೌತೆ, ಕೊತ್ತಂಬರಿ-ಕರಿಬೇವು-ಮೆಣಸಿನಕಾಯಿ ಮಾತ್ರ ಸಾವಯವವಾದರೆ ವಾರಕ್ಕೆ ಹೆಚ್ಚಾಗುವುದು 185 ರೂಪಾಯಿ, ತಿಂಗಳಿಗೆ 740. ಪೂರ್ತಿ ಬದಲಾಯಿಸಿದ್ದಾಗಿನ ಅರ್ಧಕ್ಕಿಂತ ಕಡಿಮೆ.

ಸೊಪ್ಪಿಗೆ ಬೇರೆ ಪ್ರಶ್ನೆ

ದಂಟು, ಕೀರೆ, ಮೆಂತ್ಯ ಸೊಪ್ಪು ತಿಂಗಳೊಳಗೆ ಕಟಾವಿಗೆ ಬರುತ್ತವೆ. ಇಲ್ಲಿ ನನ್ನ ಚಿಂತೆ ನೀರಿನದು. ಊರಂಚಿನ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿಗೆ ರೋಗಾಣು ಅಂಟಿ ಬರುತ್ತದೆ, ಭಾರಲೋಹಗಳೂ ಸೇರಬಹುದು. ರೋಗಾಣುವನ್ನು ತೊಳೆದು ಬೇಯಿಸಿ ಕಳೆಯಬಹುದು, ಎಲೆಯೊಳಗೆ ಸೇರಿದ ಲೋಹವನ್ನಲ್ಲ. ಹಾಗಾಗಿ ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪಿನವರನ್ನು ಕೇಳಿಯೇ ಕೊಳ್ಳುತ್ತೇನೆ.

"ಯಾವೂರ ಸೊಪ್ಪಮ್ಮ ಇದು?"

"ನಮ್ದೇ ಕಣಕ್ಕ, ವರುಣಾ ಕಡೇದು. ಬೋರ್ ನೀರು."

ಒಂದು ಸಲ ಕೇಳಿದರೆ ಅದು ಬರಿಯ ಮಾತು. ಆರು ತಿಂಗಳು ಒಬ್ಬರ ಹತ್ತಿರವೇ ಕೊಂಡರೆ ಅವರ ಊರು, ಬಾವಿ, ಬೆಳೆ ಎಲ್ಲ ತಿಳಿದುಬರುತ್ತದೆ. ಅಂಥವರ ಕಟ್ಟಿಗೆ ಎರಡು ರೂಪಾಯಿ ಹೆಚ್ಚು ಕೊಡುವುದು ನನಗೆ ಬೇಸರವಿಲ್ಲ.

ಪ್ಯಾಕೆಟ್ ಮೇಲಿನ ಚೀಟಿ ಓದುವುದು

ಪ್ಯಾಕೆಟ್ ಮೇಲೆ "ಸಾವಯವ" ಎಂದು ಬರೆದರೆ ಅದಕ್ಕೆ 2017ರ ಸಾವಯವ ಆಹಾರ ನಿಯಮ ಅನ್ವಯಿಸುತ್ತದೆ. ಆ ಮಾತಿನ ಬೆನ್ನಿಗೆ ಎರಡರಲ್ಲಿ ಒಂದು ವ್ಯವಸ್ಥೆ ಇರಬೇಕು. ಒಂದರಲ್ಲಿ ಹೊರಗಿನ ಸಂಸ್ಥೆ ಬಂದು ಹೊಲ ನೋಡಿ ಪ್ರಮಾಣಪತ್ರ ಕೊಡುತ್ತದೆ. ಇದು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ದಾರಿ, ನಮ್ಮ ರಾಜ್ಯದಲ್ಲಿ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಇದನ್ನು ಮಾಡುತ್ತದೆ. ಇನ್ನೊಂದು ಪಿಜಿಎಸ್-ಇಂಡಿಯಾ. ಅಲ್ಲಿ ಕನಿಷ್ಠ ಐದು ರೈತರ ಗುಂಪಿನಲ್ಲಿ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಪಿಜಿಎಸ್ ಗ್ರೀನ್ ಎಂದಿದ್ದರೆ ಹೊಲ ಇನ್ನೂ ಬದಲಾವಣೆಯ ಹಂತದಲ್ಲಿದೆ ಎಂದು ಅರ್ಥ. ಪೂರ್ತಿ ಸಾವಯವದ ಬೆಲೆ ಅದಕ್ಕೆ ಕೊಡಬೇಕಿಲ್ಲ.

ಪ್ಯಾಕೆಟ್ ಮೇಲೆ ಸರ್ಕಾರದ ಸಾವಯವ ಲಾಂಛನ, ಹದಿನಾಲ್ಕು ಅಂಕಿಯ ಆಹಾರ ಪರವಾನಗಿ ಸಂಖ್ಯೆ ಹುಡುಕಿ. ಬಿಡಿಯಾಗಿ ಮಾರುವ ತರಕಾರಿಯಾದರೆ ಪತ್ರ ಕೇಳಿ, ಮೂರೇ ಸಾಲು ಓದಿ: ಯಾರ ಹೆಸರಿನಲ್ಲಿದೆ, ಯಾವ ತಾರೀಖಿನವರೆಗೆ, ಯಾವ ಬೆಳೆಗಳಿಗೆ. ನಾನು ಎಡವಿದ್ದು ಮೂರನೆಯದರಲ್ಲಿ. "ನ್ಯಾಚುರಲ್", "ಫಾರ್ಮ್ ಫ್ರೆಶ್", "ಕೆಮಿಕಲ್ ಫ್ರೀ" ಎಂಬ ಮಾತುಗಳಿಗೆ ಈ ತಪಾಸಣೆ ಯಾವುದೂ ಇಲ್ಲ. ನೀರಿನಲ್ಲೇ ಬೆಳೆಯುವ ಹೈಡ್ರೋಪೋನಿಕ್ ಸೊಪ್ಪೂ ಸಾವಯವವಲ್ಲ, ಅದಕ್ಕೆ ಕೊಡುವುದು ರಾಸಾಯನಿಕ ಗೊಬ್ಬರದ ದ್ರಾವಣವನ್ನೇ.

ಇಲ್ಲೊಂದು ವಿನಾಯಿತಿ ಗೊತ್ತಿರಲಿ. ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟಿರುವ ಸಣ್ಣ ರೈತರು ನೇರವಾಗಿ ಗ್ರಾಹಕರಿಗೆ ಮಾರುವಾಗ ಪ್ರಮಾಣಪತ್ರ ಬೇಕಿಲ್ಲ, ಆದರೆ ಲಾಂಛನ ಬಳಸುವಂತಿಲ್ಲ. ಮಂಡ್ಯ, ಶ್ರೀರಂಗಪಟ್ಟಣದ ಕಡೆಯಿಂದ ಭಾನುವಾರ ತಮ್ಮದೇ ಬೆಳೆ ತಂದು ಮಾರುವ ರೈತರ ಹತ್ತಿರ ಪತ್ರ ಇಲ್ಲವೆಂದು ಅನುಮಾನಿಸಬೇಡಿ. ಕಾಯಿಕೊರಕಕ್ಕೆ ಏನು ಮಾಡ್ತೀರಿ ಎಂದು ಕೇಳಿ. ನಿಜಕ್ಕೂ ಮಾಡುವವರು ಬೇವಿನ ಎಣ್ಣೆ, ಹುಳದ ಪತಂಗವನ್ನು ಸೆಳೆದು ಹಿಡಿಯುವ ಮೋಹಕ ಬಲೆ, ಹುಳ ಬಿದ್ದ ಕುಡಿ ಕಿತ್ತು ನಾಶಮಾಡುವ ಕೆಲಸ, ಹೋದ ಸಲ ಎಷ್ಟು ಬೆಳೆ ಹೋಯಿತು ಎನ್ನುವುದನ್ನೂ ಹೇಳುತ್ತಾರೆ. "ನಮ್ಮಲ್ಲಿ ಹುಳಾನೇ ಬರಲ್ಲ" ಎಂದರೆ ಮುಂದಿನ ಬುಟ್ಟಿಗೆ ಹೋಗಿ.

ಇನ್ನೊಂದು ಗುರುತು ಖಾಲಿ ಬುಟ್ಟಿ. ಸುತ್ತಲಿನ ರೈತರಿಂದಲೇ ತರಿಸುವ ಅಂಗಡಿಯಲ್ಲಿ ಏಪ್ರಿಲ್‌ನಲ್ಲಿ ಹೂಕೋಸು ಇಲ್ಲ, ಮಳೆ ಜೋರಾದ ವಾರ ಟೊಮೆಟೊ ಇಲ್ಲ ಎನ್ನುತ್ತಾರೆ. ವರ್ಷವಿಡೀ ಎಲ್ಲವೂ ಒಂದೇ ಅಳತೆಯಲ್ಲಿ ಸಿಗುವ ಕಡೆ ಪತ್ರವನ್ನು ಇನ್ನೊಮ್ಮೆ ಓದಿ. ಹುಳ ತಿಂದ ತೂತು, ಸೊಟ್ಟ ಆಕಾರ, ರುಚಿ ಇವು ಯಾವುವೂ ಸಾಕ್ಷಿಯಲ್ಲ. ಈರನಗೆರೆ ಬದನೆ ರುಚಿಯಾಗಿರುವುದು ತಳಿಯಿಂದ.

ತೊಳೆಯುವುದು

ಮಾರುಕಟ್ಟೆಯದೋ ಸಾವಯವವೋ, ಹೆಚ್ಚುವ ಮೊದಲೇ ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಸೇಬಿನ ಮೇಲೆ 2017ರಲ್ಲಿ ನಡೆದ ಒಂದು ಅಮೆರಿಕನ್ ಪ್ರಯೋಗದಲ್ಲಿ, ಲೀಟರಿಗೆ 10 ಗ್ರಾಂ ಅಡುಗೆ ಸೋಡಾ ಹಾಕಿದ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ ಮೇಲ್ಮೈಯ ಎರಡು ಔಷಧಿಗಳು ಹೋದವು, ಸಿಪ್ಪೆಯೊಳಗೆ ಇಳಿದದ್ದು ಉಳಿಯಿತು. ಟೊಮೆಟೊ, ಸೌತೆಗೆ ನಾನು ಇದನ್ನೇ ಮಾಡುತ್ತೇನೆ. ಸಾವಯವ ತರಕಾರಿಯನ್ನು ತೊಳೆಯದೆ ತಿನ್ನಬಾರದು. ಸಾವಯವ ಬೆಳೆಗೆ ಗೊಬ್ಬರವಾಗಿ ಹಾಕುವ ಜೀವಾಮೃತದಲ್ಲಿ ಇರುವುದು ಸಗಣಿ, ಗಂಜಲ.

ಬೆಲೆಗೆ ಒಂದು ಗೆರೆ

ಪೋಷಕಾಂಶಕ್ಕಾಗಿ ಸಾವಯವ ಕೊಳ್ಳುವಿರಾದರೆ ನನ್ನ ಮಾತು: ಬೇಡ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2012ರ ಪರಿಶೀಲನೆಯಲ್ಲಿ ಜೀವಸತ್ವಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಕೀಟನಾಶಕದ ಶೇಷ ಮಾತ್ರ ಸಾವಯವದಲ್ಲಿ ಕಡಿಮೆ ಇತ್ತು. ನಾವು ಹೆಚ್ಚು ದುಡ್ಡು ಕೊಡುವುದು ಆ ಒಂದಕ್ಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ದಿನಕ್ಕೆ ಒಬ್ಬರಿಗೆ ಸುಮಾರು 400 ಗ್ರಾಂ ತರಕಾರಿ ಬೇಕು ಎಂದಿದೆ, ನಾಲ್ಕು ಜನಕ್ಕೆ ವಾರಕ್ಕೆ 11 ಕೆ.ಜಿ. ನಮ್ಮ 490 ರೂಪಾಯಿಯಲ್ಲೇ ಎಲ್ಲವನ್ನೂ ಸಾವಯವ ಮಾಡಲು ಹೊರಟಿದ್ದರೆ ಚೀಟಿಯ ಅರ್ಧದಷ್ಟು ಮಾತ್ರ ಮನೆಗೆ ಬರುತ್ತಿತ್ತು. ಮಕ್ಕಳ ತಟ್ಟೆಯ ಪಲ್ಯ ಅರ್ಧವಾಗುವುದು ಶೇಷಕ್ಕಿಂತ ದೊಡ್ಡ ನಷ್ಟ.

ಆದ್ದರಿಂದ ನಮ್ಮ ಮನೆಯಲ್ಲಿ ಸಾವಯವಕ್ಕೆ ಹೆಚ್ಚುವರಿಯಾಗಿ ಕೊಡುವ ದುಡ್ಡಿಗೆ ತಿಂಗಳಿಗೆ 750 ರೂಪಾಯಿ ಗೆರೆ. ಟೊಮೆಟೊ ಬೆಲೆ ಏರಿ ಗೆರೆ ದಾಟಿದ ವಾರ, ಟೊಮೆಟೊವನ್ನು ಮಾರುಕಟ್ಟೆಯಿಂದ ತಂದು ಸೋಡಾ ನೀರಿಗೆ ಹಾಕುತ್ತೇನೆ, ಸಾರಿಗೆ ಹುಣಸೆಹಣ್ಣು ಹೆಚ್ಚು ಹಾಕುತ್ತೇನೆ. ಬೆಂಡೆ, ಬದನೆ ಮಾತ್ರ ಸಾವಯವವಾಗಿಯೇ ಉಳಿಯುತ್ತವೆ. ಕರಿಬೇವು ಈಗ ಚೀಟಿಯಲ್ಲೇ ಇಲ್ಲ. ಮಹಡಿಯ ಮೇಲೆ ಹಳೆಯ ಬಣ್ಣದ ಡಬ್ಬಿಯಲ್ಲಿ ಬೆಳೆಯುತ್ತಿದೆ.